ಫ್ರಿಜ್ ಮ್ಯಾಗ್ನೆಟ್ಟಿಗಿಂತ ದುರ್ಬಲವಾದ ಗುರಾಣಿ

ಪ್ರಶ್ನೆ: ಭೂಮಿಯ ಕಾಂತಶಕ್ತಿ ಫ್ರಿಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ಟಿಗಿಂತ ನೂರು ಪಟ್ಟು ಕಡಿಮೆ ಅಂತ ಓದಿದೆ. ಅಷ್ಟು ದುರ್ಬಲವಾದದ್ದು ಸೂರ್ಯನಿಂದ ಬರುವ ಕಣಗಳನ್ನು ಹೇಗೆ ತಡೆಯುತ್ತದೆ? ಧ್ರುವಗಳ ಹತ್ತಿರ ಈ ತಡೆಯೇ ಇಲ್ಲ ಅಂತಲೂ ಹೇಳುತ್ತಾರೆ. ಹಾಗಾದರೆ ಅಲ್ಲಿನ ಪೆಂಗ್ವಿನ್‌ಗಳಿಗೆ ಏನೂ ಆಗುವುದಿಲ್ಲವಾ?

ಉತ್ತರ: ನೀವು ಓದಿದ್ದು ಸರಿ. ಸಮಭಾಜಕದ ಹತ್ತಿರ ನೆಲದ ಮೇಲೆ ಭೂಮಿಯ ಕಾಂತಕ್ಷೇತ್ರ ಸುಮಾರು 30 ಮೈಕ್ರೊಟೆಸ್ಲಾ. ಧ್ರುವಗಳ ಬಳಿ 60ರ ಆಸುಪಾಸು. ಫ್ರಿಜ್ ಮ್ಯಾಗ್ನೆಟ್ಟಿನ ಮೈಮೇಲೆ ಸುಲಭವಾಗಿ 5,000 ಇರುತ್ತದೆ. ಆದರೂ ಸೂರ್ಯನ ಕಣವೊಂದನ್ನು ತಿರುಗಿಸಿ ಕಳಿಸುವ ಕೆಲಸ ಫ್ರಿಜ್ ಮ್ಯಾಗ್ನೆಟ್ಟಿನಿಂದ ಆಗುವುದಿಲ್ಲ, ಭೂಮಿಯಿಂದ ಆಗುತ್ತದೆ. ಯಾಕೆ ಅಂತ ನೋಡೋಣ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಕಾಂತಕ್ಷೇತ್ರ ಯಾವ ಕಣವನ್ನೂ ಎದುರಿಗೆ ನಿಂತು ತಡೆಯುವುದಿಲ್ಲ. ವಿದ್ಯುದಾವೇಶ ಇರುವ ಕಣ ಅದರೊಳಗೆ ಓಡಿದರೆ ಪಕ್ಕಕ್ಕೆ ತಳ್ಳುತ್ತದೆ, ಅಷ್ಟೇ. ಕಣ ಯಾವ ಕಡೆ ಹೊರಟಿದೆಯೋ ಅದಕ್ಕೆ ಅಡ್ಡಲಾಗಿ ಮಾತ್ರ ಈ ತಳ್ಳುವಿಕೆ. ಹಾಗಾಗಿ ಕಣದ ವೇಗ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ದಾರಿ ಮಾತ್ರ ಬಾಗುತ್ತದೆ. ಕ್ಷೇತ್ರ ಸಾಕಷ್ಟು ದೂರದವರೆಗೆ ಹರಡಿದ್ದರೆ ಬಾಗುತ್ತಾ ಬಾಗುತ್ತಾ ಪೂರ್ತಿ ಒಂದು ವೃತ್ತವೇ ಆಗುತ್ತದೆ, ಗೂಟಕ್ಕೆ ಕಟ್ಟಿದ ಹಸು ಸುತ್ತು ಹಾಕಿದ ಹಾಗೆ. ಹಗ್ಗದ ಉದ್ದ ಎಷ್ಟು ಅನ್ನುವುದೇ ಮುಖ್ಯ ಪ್ರಶ್ನೆ. ಕಣ ವೇಗವಾಗಿದ್ದಷ್ಟೂ ಹಗ್ಗ ಉದ್ದ, ಕ್ಷೇತ್ರ ಬಲವಾಗಿದ್ದಷ್ಟೂ ಹಗ್ಗ ಗಿಡ್ಡ.

ಸೂರ್ಯನಿಂದ ಸದಾ ಹರಿದು ಬರುವ ಸೌರಮಾರುತದ ಒಂದು ಪ್ರೋಟಾನ್ ತೆಗೆದುಕೊಳ್ಳಿ. ಅದರ ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಫ್ರಿಜ್ ಮ್ಯಾಗ್ನೆಟ್ಟಿನ ಕ್ಷೇತ್ರದಲ್ಲಿ ಅದರ ಹಗ್ಗ 80 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಆದರೆ ಮ್ಯಾಗ್ನೆಟ್ಟಿನ ಪ್ರಭಾವ ಇರುವುದು ಹೆಚ್ಚೆಂದರೆ ಎರಡು ಸೆಂಟಿಮೀಟರ್ ದೂರದವರೆಗೆ. ಎಂಬತ್ತು ಸೆಂಟಿಮೀಟರ್ ಸುತ್ತಬೇಕಾದ ಕಣಕ್ಕೆ ಎರಡೇ ಸೆಂಟಿಮೀಟರ್ ಅಂಗಳ! ಅದು ಒಂದೂವರೆ ಡಿಗ್ರಿಯಷ್ಟು ಬಾಗಿ, ಏನೂ ಆಗಿಲ್ಲವೆಂಬಂತೆ ಆಚೆ ಹೋಗಿಬಿಡುತ್ತದೆ.

ಈಗ ಅದೇ ಪ್ರೋಟಾನ್ ಭೂಮಿಯ ಕಡೆ ಬರಲಿ. ಭೂಮಿಯ ಕೇಂದ್ರದಿಂದ 64,000 ಕಿಲೋಮೀಟರ್ ದೂರದಲ್ಲಿ, ಅಂದರೆ ಭೂಮಿಯ ತ್ರಿಜ್ಯದ ಹತ್ತು ಪಟ್ಟು ದೂರದಲ್ಲಿ, ಕ್ಷೇತ್ರ ಬಹಳ ಸೊರಗಿರುತ್ತದೆ. ದೂರ ಹತ್ತು ಪಟ್ಟಾದರೆ ಕ್ಷೇತ್ರ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಲ್ಲಿ ಉಳಿಯುವುದು 30 ನ್ಯಾನೊಟೆಸ್ಲಾ. ಇನ್ನೊಂದು ಕಾರಣಕ್ಕೆ ಅದು ಇಮ್ಮಡಿಯಾಗಿ 60 ಆಗುತ್ತದೆ, ಅದನ್ನು ಈಗಲೇ ಹೇಳುತ್ತೇನೆ. ಆ 60ರಲ್ಲಿ ನಮ್ಮ ಪ್ರೋಟಾನಿನ ಹಗ್ಗ ಸುಮಾರು 70 ಕಿಲೋಮೀಟರ್. ಫ್ರಿಜ್ ಮ್ಯಾಗ್ನೆಟ್ಟಿಗೆ ಹೋಲಿಸಿದರೆ ಭಾರೀ ಉದ್ದ. ಆದರೆ ಅಂಗಳ? ಅದು ಹತ್ತಾರು ಸಾವಿರ ಕಿಲೋಮೀಟರ್. ಒಳಗೆ 70 ಕಿಲೋಮೀಟರ್ ಹೊಕ್ಕುವಷ್ಟರಲ್ಲಿ ಕಣ ತಿರುಗಿ ಬಂದ ದಾರಿ ಹಿಡಿದಿರುತ್ತದೆ. ಭೂಮಿಯ ಬಲ ಇರುವುದು ಅದರ ಹರವಿನಲ್ಲಿ. ಹನಿಗೂಡಿದರೆ ಹಳ್ಳ ಅನ್ನುತ್ತೇವಲ್ಲ, ಇಲ್ಲಿ ನಡೆಯುವುದೂ ಅದೇ.

ಇನ್ನು ಇಮ್ಮಡಿಯಾಗುವ ವಿಷಯ. ಸೌರಮಾರುತದಲ್ಲಿ ಪ್ರೋಟಾನ್‌ಗಳ ಜೊತೆ ಅಷ್ಟೇ ಸಂಖ್ಯೆಯ ಎಲೆಕ್ಟ್ರಾನ್‌ಗಳೂ ಇರುತ್ತವೆ. ಕ್ಷೇತ್ರ ಪ್ರೋಟಾನನ್ನು ಒಂದು ಕಡೆಗೆ ಬಾಗಿಸಿದರೆ ಎಲೆಕ್ಟ್ರಾನನ್ನು ಅದರ ವಿರುದ್ಧ ದಿಕ್ಕಿಗೆ ಬಾಗಿಸುತ್ತದೆ. ಎರಡೂ ಬೇರೆ ಬೇರೆ ಕಡೆಗೆ ಹೊರಟರೆ ಅದು ವಿದ್ಯುತ್ ಪ್ರವಾಹವೇ ಅಲ್ವಾ? ಹೀಗೆ ಗಡಿಯ ಉದ್ದಕ್ಕೂ ಪ್ರವಾಹದ ಒಂದು ತೆಳು ಹಾಳೆ ಹುಟ್ಟುತ್ತದೆ. ಆ ಹಾಳೆಗೂ ತನ್ನದೇ ಕಾಂತಕ್ಷೇತ್ರ ಇರುತ್ತದೆ. ಅದು ಒಳಬದಿಯಲ್ಲಿ ಭೂಮಿಯ ಕ್ಷೇತ್ರಕ್ಕೆ ಸೇರಿಕೊಳ್ಳುತ್ತದೆ, ಹೊರಬದಿಯಲ್ಲಿ ಅದನ್ನು ಅಳಿಸಿಹಾಕುತ್ತದೆ. ಬಂದ ಕಣಗಳೇ ತಮ್ಮ ಮುಂದೆ ಬೇಲಿ ಕಟ್ಟಿಕೊಂಡಂತಾಯಿತು. ಸಿಡ್ನಿ ಚಾಪ್‌ಮನ್ ಮತ್ತು ವಿನ್ಸೆಂಟ್ ಫೆರಾರೊ 1931ರ ಹೊತ್ತಿಗೇ ಇದನ್ನು ಕಾಗದದ ಮೇಲೆ ಕಂಡುಕೊಂಡಿದ್ದರು. ಆಗ ಬಾಹ್ಯಾಕಾಶಕ್ಕೆ ಒಂದು ಉಪಗ್ರಹವೂ ಹೋಗಿರಲಿಲ್ಲ.

ಬೇಲಿ ಅಷ್ಟೇ ದೂರದಲ್ಲಿ ನಿಲ್ಲುವುದು ಯಾಕೆ? ಸೌರಮಾರುತ ತಳ್ಳುವ ಒತ್ತಡವೂ ಕಾಂತಕ್ಷೇತ್ರ ಒಳಗಿನಿಂದ ತಳ್ಳುವ ಒತ್ತಡವೂ ಅಲ್ಲಿ ಸಮವಾಗುತ್ತವೆ. ಸೌರಮಾರುತ ನಾವು ಅಂದುಕೊಳ್ಳುವಷ್ಟು ದಟ್ಟವಲ್ಲ. ಒಂದು ಘನ ಸೆಂಟಿಮೀಟರಿನಲ್ಲಿ ಐದಾರು ಪ್ರೋಟಾನ್ ಸಿಕ್ಕರೆ ಹೆಚ್ಚು. ಅದು ಹಾಕುವ ಒತ್ತಡ ಒಂದೂಕಾಲು ನ್ಯಾನೊಪ್ಯಾಸ್ಕಲ್ ಆಸುಪಾಸು. ನಾವು ಉಸಿರಾಡುವ ಗಾಳಿಯ ಒತ್ತಡವನ್ನು ಸುಮಾರು 80 ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು. 60 ನ್ಯಾನೊಟೆಸ್ಲಾ ಕ್ಷೇತ್ರದ ಒತ್ತಡವನ್ನು ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆ. ತರಗತಿಯಲ್ಲಿ ಈ ಎರಡು ಲೆಕ್ಕಗಳನ್ನು ಬೋರ್ಡಿನ ಎಡಕ್ಕೊಂದು ಬಲಕ್ಕೊಂದು ಮಾಡಿಸಿ, ಕೊನೆಗೆ ಎರಡೂ ಕೂಡಿಬಂದಾಗ ಹುಡುಗರ ಮುಖ ನೋಡುವುದು ನನಗೆ ಈಗಲೂ ಖುಷಿ.

ಈ ಗಡಿ ಬಹಳ ಹಟಮಾರಿ. ಹತ್ತಿರ ಬಂದಷ್ಟೂ ಕಾಂತಕ್ಷೇತ್ರದ ಒತ್ತಡ ಭಯಂಕರವಾಗಿ ಏರುತ್ತದೆ, ದೂರದ ಆರನೇ ಘಾತದಂತೆ. ಸೌರಮಾರುತದ ಒತ್ತಡ ಇಮ್ಮಡಿಯಾದರೆ ಗಡಿ ಒಳಗೆ ಸರಿಯುವುದು ಶೇಕಡಾ 11ರಷ್ಟು ಮಾತ್ರ. ಅದನ್ನು ಅರ್ಧ ದೂರಕ್ಕೆ ತಳ್ಳಬೇಕಾದರೆ ಒತ್ತಡ 64 ಪಟ್ಟಾಗಬೇಕು. ಭೂಮಿಯ ಜೊತೆಜೊತೆಗೇ ಸುತ್ತುವ ಸಂಪರ್ಕ ಉಪಗ್ರಹಗಳು ಕೇಂದ್ರದಿಂದ 42,000 ಕಿಲೋಮೀಟರ್ ದೂರದಲ್ಲಿವೆ. ಗಡಿ ಅಲ್ಲಿಯವರೆಗೆ ಕುಗ್ಗಲು ಒತ್ತಡ ಹನ್ನೆರಡು ಪಟ್ಟು ಏರಿದರೆ ಸಾಕು. ದೊಡ್ಡ ಸೌರ ಬಿರುಗಾಳಿಗಳಲ್ಲಿ ಅಷ್ಟು ಆಗುತ್ತದೆ. ಆಗ ಹಗಲಿನ ಬದಿಯ ಉಪಗ್ರಹಗಳು ಬೇಲಿಯ ಹೊರಗೆ, ಬಯಲಿಗೆ ಬೀಳುತ್ತವೆ. ಅವುಗಳಲ್ಲಿರುವ ಕಾಂತಮಾಪಕಗಳು ಅದನ್ನು ಕೂಡಲೇ ತೋರಿಸುತ್ತವೆ. ಉತ್ತರಕ್ಕೆ ಮುಖ ಮಾಡಿದ್ದ ಕ್ಷೇತ್ರ ಒಮ್ಮೆಲೇ ಅಡ್ಡಾದಿಡ್ಡಿಯಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಚಿತ್ರಗಳಲ್ಲಿ ನೀವು ನೋಡಿರುವ ಕಥೆಯೇ. ಸೂರ್ಯನಿಂದ ಹಳದಿ ಗಾಳಿ ಬರುತ್ತದೆ, ಹೊಳೆಯ ನಡುವಿನ ಬಂಡೆಯನ್ನು ನೀರು ಸುತ್ತಿ ಹೋದಂತೆ ಭೂಮಿಯನ್ನು ಸುತ್ತಿ ಹೋಗುತ್ತದೆ. ಚಿತ್ರ ತಪ್ಪಲ್ಲ. ಆದರೆ ಅದನ್ನು ಜೀವಿಗಳ ರಕ್ಷಣೆಯ ಚಿತ್ರ ಅಂತ ತೋರಿಸುವುದರ ಬಗ್ಗೆ ನನಗೆ ತಕರಾರಿದೆ. ಸೆಕೆಂಡಿಗೆ 400 ಕಿಲೋಮೀಟರ್ ವೇಗದ ಪ್ರೋಟಾನಿನ ಶಕ್ತಿ ಒಂದು ಸಾವಿರ ಎಲೆಕ್ಟ್ರಾನ್ ವೋಲ್ಟಿಗಿಂತಲೂ ಕಡಿಮೆ. ಅದು ಚರ್ಮದ ಹೊರಪದರವನ್ನೇ ದಾಟಲಾರದು. ಬೇಲಿಯೇ ಇಲ್ಲದಿದ್ದರೂ 100 ಕಿಲೋಮೀಟರ್‌ಗೂ ಮೇಲಿನ ತೆಳುಗಾಳಿಯಲ್ಲೇ ನಿಂತುಹೋಗುತ್ತಿತ್ತು. ಜೀವಕೋಶಕ್ಕೆ ಅಪಾಯ ತರುವ ಕಣಗಳು ಬೇರೆ ಜಾತಿಯವು.

ಸೂರ್ಯನ ಮೇಲೆ ದೊಡ್ಡ ಸ್ಫೋಟವಾದಾಗ, ಅಥವಾ ಅದರ ಹೊರ ವಾತಾವರಣವಾದ ಕರೋನಾದಿಂದ ಪ್ಲಾಸ್ಮಾದ, ಅಂದರೆ ಆವೇಶ ಇರುವ ಕಣಗಳ ಬಿಸಿ ಅನಿಲದ, ದೊಡ್ಡ ಮುದ್ದೆ ಸಿಡಿದು ಬರುವಾಗ, ಸ್ವಲ್ಪ ಕಣಗಳಿಗೆ ವಿಪರೀತ ವೇಗ ಸಿಗುತ್ತದೆ. ಮುದ್ದೆಯ ಮುಂದೆ ಓಡುವ ಆಘಾತದ ಅಲೆ ಪ್ರೋಟಾನ್‌ಗಳನ್ನು ಮತ್ತೆ ಮತ್ತೆ ಹೊಡೆದು ಮುಂದಕ್ಕೆ ಅಟ್ಟುತ್ತದೆ. ಇವುಗಳ ಶಕ್ತಿಯನ್ನು ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟುಗಳಲ್ಲಿ ಅಳೆಯುತ್ತೇವೆ. ಅದಕ್ಕೆ ಎಂಇವಿ ಅನ್ನುತ್ತೇವೆ. ಹತ್ತು, ನೂರು, ಕೆಲವೊಮ್ಮೆ ಸಾವಿರ ಎಂಇವಿವರೆಗೂ ಹೋಗುತ್ತದೆ. 100 ಎಂಇವಿ ಪ್ರೋಟಾನ್ ಬೆಳಕಿನ ವೇಗದ ಶೇಕಡಾ 40ಕ್ಕೂ ಜಾಸ್ತಿ ವೇಗದಲ್ಲಿ ಓಡುತ್ತದೆ. ನೀರಿನಲ್ಲಿ ಏಳೆಂಟು ಸೆಂಟಿಮೀಟರ್ ಹೊಕ್ಕು ಹೋಗುತ್ತದೆ. ನಮ್ಮ ದೇಹವೂ ಬಹುಪಾಲು ನೀರೇ. ಅಂದರೆ ಅದು ಒಳಗಿನ ಮಜ್ಜೆಯನ್ನು, ಕರುಳನ್ನು ಮುಟ್ಟಬಲ್ಲದು.

ಇಂಥ ಪ್ರೋಟಾನಿನ ಹಗ್ಗವನ್ನು ಈಗ ಅಳೆಯೋಣ. 64,000 ಕಿಲೋಮೀಟರ್ ದೂರದ ಬೇಲಿಯ ಬಳಿ ಅದು ಸುಮಾರು 25,000 ಕಿಲೋಮೀಟರ್ ಉದ್ದ. ಅಷ್ಟು ಉದ್ದದ ಹಗ್ಗಕ್ಕೆ ಅಲ್ಲಿನ ಅಂಗಳ ಸಾಲದು. ಹಾಗಾಗಿ ಈ ಕಣಗಳಿಗೆ ಹೊರಗಿನ ಬೇಲಿ ಇದ್ದೂ ಇಲ್ಲದಂತೆ. ಸೀದಾ ಒಳಗೆ ಬರುತ್ತವೆ. ಆದರೆ ಒಳಗೆ ಬಂದಂತೆ ಕ್ಷೇತ್ರ ಬಲವಾಗುತ್ತಾ ಹೋಗುತ್ತದೆ. ಸಮಭಾಜಕದ ಮೇಲೆ, ನೆಲದ ಹತ್ತಿರ, ಅದೇ ಹಗ್ಗ 50 ಕಿಲೋಮೀಟರಿಗೆ ಮೊಟಕಾಗುತ್ತದೆ. ನಡುದಾರಿಯಲ್ಲೇ ಎಲ್ಲೋ ಕಣ ಸುರುಳಿ ಸುತ್ತಿ ಹಿಂದಿರುಗಲೇಬೇಕು. ಇಲ್ಲಿ ಗಟ್ಟಿ ಗೋಡೆ ಎಲ್ಲೂ ಇಲ್ಲ. ಪ್ರತಿ ಕಣಕ್ಕೂ ಅದರ ಶಕ್ತಿಗೆ ತಕ್ಕಂತೆ ಒಂದೊಂದು ಗಡಿ.

ಇದನ್ನು ಮೊದಲು ಲೆಕ್ಕ ಹಾಕಿದವರು ನಾರ್ವೆಯ ಕಾರ್ಲ್ ಸ್ಟೋರ್ಮರ್. ಕಳೆದ ಶತಮಾನದ ಆರಂಭದಲ್ಲಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕೈಯಲ್ಲೇ ವರ್ಷಗಟ್ಟಲೆ ಕೂತು ಕಣಗಳ ದಾರಿ ಬಿಡಿಸಿದರು. ಅವರಿಗೆ ಬೇಕಿದ್ದದ್ದು ಧ್ರುವಗಳ ಹತ್ತಿರದ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕಿನ, ಅಂದರೆ ಧ್ರುವಪ್ರಭೆಯ ರಹಸ್ಯ. ಸಿಕ್ಕಿದ್ದು ಬೇರೆಯೇ: ಎಷ್ಟು ಶಕ್ತಿಯ ಕಣ ಯಾವ ಅಕ್ಷಾಂಶದವರೆಗೆ ಬರಬಹುದು ಅನ್ನುವ ನಿಯಮ.

ನಿಯಮದ ಹಿಂದಿನ ವಿಷಯ ಸರಳ. ಕ್ಷೇತ್ರದ ರೇಖೆಗಳನ್ನು ದಾರಗಳು ಅಂದುಕೊಳ್ಳಿ. ಕಣ ದಾರದ ಉದ್ದಕ್ಕೆ ಜಾರುವುದು ಸುಲಭ, ಪೋಣಿಸಿದ ಮಣಿಯ ಹಾಗೆ. ದಾರಗಳನ್ನು ಅಡ್ಡ ದಾಟುವುದು ಕಷ್ಟ. ಸಮಭಾಜಕದ ಮೇಲೆ ದಾರಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿರುತ್ತವೆ. ಮೇಲಿನಿಂದ ಬರುವ ಕಣ ಪದರ ಪದರವಾಗಿ ಎಲ್ಲವನ್ನೂ ಅಡ್ಡ ದಾಟಬೇಕು. ಕಾಂತಧ್ರುವದಲ್ಲಿ ದಾರಗಳು ನೆಟ್ಟಗೆ ನಿಂತಿರುತ್ತವೆ. ಅಲ್ಲಿ ಕಣಕ್ಕೆ ಅಡ್ಡಿಯೇ ಇಲ್ಲ, ಜಾರಿಕೊಂಡು ಇಳಿಯುತ್ತದೆ. ಧ್ರುವದಲ್ಲಿ ಕ್ಷೇತ್ರ ಇಮ್ಮಡಿ ಬಲವಾಗಿದ್ದರೂ ರಕ್ಷಣೆ ಸೊನ್ನೆ! ಬಲಕ್ಕಿಂತ ದಿಕ್ಕು ದೊಡ್ಡದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸಂಖ್ಯೆಯಲ್ಲಿ ಹೇಳುವುದಾದರೆ ಹೀಗೆ. ಕಾಂತ ಸಮಭಾಜಕದ ಮೇಲೆ ನೆತ್ತಿಯಿಂದ ನೇರ ಇಳಿಯಬೇಕಾದರೆ ಪ್ರೋಟಾನಿಗೆ ಸುಮಾರು 14,000 ಎಂಇವಿ ಶಕ್ತಿ ಬೇಕು. ಸೂರ್ಯ ಅಷ್ಟು ಶಕ್ತಿಯ ಕಣಗಳನ್ನು ಕೊಡುವುದು ಅಪರೂಪದಲ್ಲಿ ಅಪರೂಪ. 45 ಡಿಗ್ರಿ ಕಾಂತ ಅಕ್ಷಾಂಶದಲ್ಲಿ 2,900 ಎಂಇವಿ. 60 ಡಿಗ್ರಿಗೆ ಹೋದರೆ 380 ಸಾಕು. 70 ಡಿಗ್ರಿಯಲ್ಲಿ ಬರೀ 22. ನಡುವೆ ಎಲ್ಲೋ ಬಾಗಿಲು ಇದ್ದಕ್ಕಿದ್ದಂತೆ ತೆರೆದುಕೊಳ್ಳುತ್ತದೆ ನೋಡಿ. ಸೌರ ಬಿರುಗಾಳಿಯ ಬಹುಪಾಲು ಪ್ರೋಟಾನ್‌ಗಳು 60 ಡಿಗ್ರಿಯ ಆಚೆಗಷ್ಟೇ ಇಳಿಯುತ್ತವೆ. ಈ ಸಂಖ್ಯೆಗಳು ಕ್ಷೇತ್ರ ಶಾಂತವಾಗಿದ್ದಾಗಿನವು. ಪ್ಲಾಸ್ಮಾ ಮುದ್ದೆಯೇ ಬಂದು ಅಪ್ಪಳಿಸಿ ಕಾಂತಕ್ಷೇತ್ರ ಕದಡಿದರೆ ಬಾಗಿಲು ಇನ್ನೂ ಕೆಲವು ಡಿಗ್ರಿ ಕೆಳಗೆ, ಸಮಭಾಜಕದ ಕಡೆಗೆ ಸರಿಯುತ್ತದೆ.

ಇದು ಬರೀ ಕಾಗದದ ಲೆಕ್ಕವಲ್ಲ. ಡಚ್ ವಿಜ್ಞಾನಿ ಜೇಕಬ್ ಕ್ಲೇ 1927ರಲ್ಲಿ ಜಾವಾ ಮತ್ತು ನೆದರ್‌ಲ್ಯಾಂಡ್ಸ್ ನಡುವಿನ ಹಡಗಿನಲ್ಲಿ ವಿಕಿರಣ ಅಳೆಯುವ ಉಪಕರಣ ಇಟ್ಟುಕೊಂಡು ಪ್ರಯಾಣ ಮಾಡಿದರು. ಸಮಭಾಜಕದ ಹತ್ತಿರ ಅಳತೆ ಕಡಿಮೆ, ಉತ್ತರಕ್ಕೆ ಹೋದಂತೆ ಜಾಸ್ತಿ. ಅವರು ಅಳೆದದ್ದು ಸೂರ್ಯನ ಕಣಗಳನ್ನಲ್ಲ, ದೂರದ ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳನ್ನು. ಆದರೆ ಕಣಗಳನ್ನು ಸೋಸುವ ಕಾಂತಕ್ಷೇತ್ರದ ಜರಡಿ ಒಂದೇ. ಆ ಕಿರಣಗಳು ಬೆಳಕಿನಂಥವಲ್ಲ, ಆವೇಶ ಇರುವ ಕಣಗಳು ಅನ್ನುವುದಕ್ಕೆ ಈ ವ್ಯತ್ಯಾಸವೇ ಸಾಕ್ಷಿಯಾಯಿತು.

ಸೂರ್ಯನದ್ದೇ ಒಂದು ಪ್ರಕರಣ ನೋಡೋಣ. 2005ರ ಜನವರಿ 20. ಸೂರ್ಯನ ಪಶ್ಚಿಮ ಅಂಚಿನ ಕಡೆಯ ಕಲೆಯೊಂದರಲ್ಲಿ ದೊಡ್ಡ ಸ್ಫೋಟವಾಯಿತು. ಪಶ್ಚಿಮ ಅಂಚು ಅನ್ನುವುದು ಇಲ್ಲಿ ಮುಖ್ಯ. ಸೂರ್ಯನಿಂದ ಹೊರಡುವ ಕಾಂತರೇಖೆಗಳು ಸುರುಳಿಯಾಗಿ ಬಾಗಿರುತ್ತವೆ. ಆ ಭಾಗದಿಂದ ಹೊರಟ ದಾರವೇ ಭೂಮಿಗೆ ಬಂದು ಮುಟ್ಟುತ್ತದೆ. ಪ್ಲಾಸ್ಮಾ ಮುದ್ದೆಗೆ ದಿನಗಟ್ಟಲೆ ಹಿಡಿಯುವ ದಾರಿಯನ್ನು ಅತಿವೇಗದ ಪ್ರೋಟಾನ್‌ಗಳು ನಿಮಿಷಗಳಲ್ಲಿ ಮುಗಿಸಿದವು. ಬೆಳಕಿಗೆ ಎಂಟೂಕಾಲು ನಿಮಿಷ ಬೇಕು, ಇವುಗಳಿಗೆ ಅದಕ್ಕಿಂತ ಕೆಲವೇ ನಿಮಿಷ ಹೆಚ್ಚು. ಎಚ್ಚರಿಕೆ ಕೊಡುವುದಕ್ಕೆ ಸಮಯವೇ ಇರಲಿಲ್ಲ ಅಂದರೂ ಸರಿ.

ನೆಲದ ಮೇಲೆ ಇಂಥ ಘಟನೆಯನ್ನು ಹಿಡಿಯುವುದು ನ್ಯೂಟ್ರಾನ್ ಮಾನಿಟರ್ ಅನ್ನುವ ಉಪಕರಣ. ಮೇಲಿನ ಗಾಳಿಗೆ ಪ್ರೋಟಾನ್ ಬಡಿದಾಗ ಚೆಲ್ಲುವ ನ್ಯೂಟ್ರಾನ್‌ಗಳನ್ನು ಅದು ಎಣಿಸುತ್ತದೆ. ಲೋಕದ ಹಲವು ಅಕ್ಷಾಂಶಗಳಲ್ಲಿ ಇವುಗಳ ಜಾಲವಿದೆ. ಆ ದಿನ ಅಂಟಾರ್ಕ್ಟಿಕಾದ ಮಾನಿಟರ್‌ಗಳಲ್ಲಿ ಎಣಿಕೆ ಕೆಲವೇ ನಿಮಿಷಗಳಲ್ಲಿ ಮಾಮೂಲಿನ ಹತ್ತಾರು ಪಟ್ಟು ಜಿಗಿಯಿತು. ದಕ್ಷಿಣ ಧ್ರುವದಲ್ಲಿ ಇರುವ ಮಾನಿಟರ್ ಸುಮಾರು 2,800 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿಯ ಹೊದಿಕೆಯೂ ತೆಳು. ಅದೇ ಹೊತ್ತಿನಲ್ಲಿ ಸಮಭಾಜಕಕ್ಕೆ ಹತ್ತಿರದ ಮಾನಿಟರ್‌ಗಳ ಗೆರೆ ಹೆಚ್ಚುಕಡಿಮೆ ನೆಟ್ಟಗೇ ಇತ್ತು. ಒಂದೇ ಸೂರ್ಯ, ಒಂದೇ ಸ್ಫೋಟ. ಎರಡು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ನಡುವಿನ ವ್ಯತ್ಯಾಸದ ಬಹುಪಾಲು ಕಾಂತಕ್ಷೇತ್ರದ ಕೆಲಸ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಯಾಕೆಂದರೆ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಧ್ರುವಪ್ರಭೆ ಉಂಟಾಗುವುದು ಹೀಗೆ ಧ್ರುವಕ್ಕೆ ನೇರ ಇಳಿದ ಸೂರ್ಯನ ಕಣಗಳಿಂದ ಅಲ್ಲ. ಭೂಮಿಯ ನೆರಳಿನ ಬದಿಯಲ್ಲಿ ಕಾಂತಕ್ಷೇತ್ರ ಉದ್ದನೆಯ ಬಾಲದಂತೆ ಎಳೆದುಕೊಂಡಿರುತ್ತದೆ. ಅಲ್ಲಿ ರೇಖೆಗಳು ಕಡಿದು ಮತ್ತೆ ಕೂಡಿಕೊಳ್ಳುವಾಗ ಶಕ್ತಿ ಬಿಡುಗಡೆಯಾಗಿ, ಎಲೆಕ್ಟ್ರಾನ್‌ಗಳು ವೇಗ ಪಡೆದು ಧ್ರುವಗಳ ಸುತ್ತಲಿನ ಉಂಗುರಕ್ಕೆ ಸುರಿಯುತ್ತವೆ. ಅವು 100 ಕಿಲೋಮೀಟರ್ ಎತ್ತರದಲ್ಲೇ ನಿಲ್ಲುತ್ತವೆ. ಕೆಳಗೆ ನಿಂತು ನೋಡುವವರಿಗೆ ಅವುಗಳಿಂದ ಏನೂ ತೊಂದರೆ ಇಲ್ಲ.

ಈಗ ಪೆಂಗ್ವಿನ್. ಅದರ ನೆತ್ತಿಯ ಮೇಲೆ ಕಾಂತಕ್ಷೇತ್ರದ ರಕ್ಷಣೆ ಇಲ್ಲ, ಒಪ್ಪಿಕೊಳ್ಳೋಣ. ಆದರೆ ಗಾಳಿ ಇದೆ. ಗಾಳಿ ಅಂದರೆ ಏನು ಮಹಾ ಅನ್ನಿಸಬಹುದು. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ನಿಂತಿರುವ ಗಾಳಿಯ ಕಂಬದ ತೂಕ ಒಂದು ಕಿಲೋಗ್ರಾಂ. ಅದು ಹತ್ತು ಮೀಟರ್ ಆಳದ ನೀರಿಗೆ ಸಮ. 100 ಎಂಇವಿ ಪ್ರೋಟಾನ್ ನೀರಿನಲ್ಲಿ ಏಳೆಂಟು ಸೆಂಟಿಮೀಟರ್ ಹೋಗುತ್ತದೆ ಅಂದೆನಲ್ಲ. ಹತ್ತು ಮೀಟರ್ ನೀರಿನ ಮುಂದೆ ಅದೆಲ್ಲಿ ಸಾಟಿ? ಗಾಳಿಯಲ್ಲಿ ಅದು ಸುಮಾರು 32 ಕಿಲೋಮೀಟರ್ ಎತ್ತರದಲ್ಲೇ ನಿಂತುಬಿಡುತ್ತದೆ. 10 ಎಂಇವಿಯದ್ದು 60ಕ್ಕೂ ಮೇಲೆ. ನೆಲದವರೆಗೆ ಪರಿಣಾಮ ಮುಟ್ಟಿಸಬೇಕಾದರೆ ಪ್ರೋಟಾನಿಗೆ ಕೊನೆಗೆ 450 ಎಂಇವಿಯಾದರೂ ಬೇಕು. ಆಗಲೂ ಇಳಿದು ಬರುವುದು ಪ್ರೋಟಾನ್ ಅಲ್ಲ, ಅದು ಗಾಳಿಯ ಪರಮಾಣುಗಳಿಗೆ ಬಡಿದು ಚೆಲ್ಲಿದ ನ್ಯೂಟ್ರಾನ್‌ಗಳಂಥ ಮರಿಗಳು. 2005ರ ಮಾನಿಟರ್ ಎಣಿಸಿದ್ದು ಅವನ್ನೇ. ಮಾಮೂಲಿ ಎಣಿಕೆ ತೀರಾ ಸಣ್ಣದಾದ್ದರಿಂದ ಅದರ ಹತ್ತಾರು ಪಟ್ಟು ಕೆಲವು ನಿಮಿಷ ಬಂದುಹೋದರೂ ನೆಲದ ಪ್ರಾಣಿಗೆ ಅದು ದೊಡ್ಡ ಪ್ರಮಾಣವಲ್ಲ.

ವಿಮಾನದ ಮಾತು ಬೇರೆ. 11 ಕಿಲೋಮೀಟರ್ ಎತ್ತರದಲ್ಲಿ ತಲೆಯ ಮೇಲೆ ಉಳಿಯುವುದು ಗಾಳಿಯ ಕಾಲು ಭಾಗ ಮಾತ್ರ. ಅದಕ್ಕೇ ದೊಡ್ಡ ಪ್ರೋಟಾನ್ ಬಿರುಗಾಳಿಯ ಹೊತ್ತಿನಲ್ಲಿ ಧ್ರುವದ ಮೇಲೆ ಹಾಯುವ ವಿಮಾನಗಳನ್ನು ಕಡಿಮೆ ಅಕ್ಷಾಂಶಕ್ಕೆ ತಿರುಗಿಸುತ್ತಾರೆ. ಅಲ್ಲಿ ರೇಡಿಯೊ ಸಂಪರ್ಕವೂ ಕೈಕೊಡುವುದು ಇನ್ನೊಂದು ಕಾರಣ. ಗಾಳಿಯೂ ಇಲ್ಲ, ಕಾಂತಕ್ಷೇತ್ರದ ಆಸರೆಯೂ ಇಲ್ಲ ಅನ್ನುವ ಜಾಗ ಬೇಕಿದ್ದರೆ ಚಂದ್ರ. 1972ರ ಆಗಸ್ಟ್ ಆರಂಭದಲ್ಲಿ ಭಾರೀ ಪ್ರೋಟಾನ್ ಬಿರುಗಾಳಿ ಎದ್ದಿತ್ತು. ಅಪೊಲೊ 16 ಏಪ್ರಿಲ್‌ನಲ್ಲಿ ವಾಪಸಾಗಿತ್ತು, ಅಪೊಲೊ 17 ಹೊರಟದ್ದು ಡಿಸೆಂಬರ್‌ನಲ್ಲಿ. ನಡುವಿನ ಆ ದಿನಗಳಲ್ಲಿ ಚಂದ್ರನ ಮೇಲೆ ಯಾರಾದರೂ ಬರೀ ಅಂಗಿಯಂಥ ಸೂಟಿನಲ್ಲಿ ಓಡಾಡುತ್ತಿದ್ದರೆ ವಿಕಿರಣದ ಕಾಯಿಲೆ ಬರುವ ಸಾಧ್ಯತೆ ಇತ್ತು.

ಹಾಗಾದರೆ ನೆಲದ ಜೀವಿಗಳನ್ನು ಕಾಯುವುದೆಲ್ಲ ಗಾಳಿಯೇ, ಕಾಂತಕ್ಷೇತ್ರ ಸುಮ್ನೆ ಇದೆಯಾ? ಅಲ್ಲ. ಪ್ರೋಟಾನ್ ಗಾಳಿಯಲ್ಲಿ ನಿಂತಿತು ಅಂದಮಾತ್ರಕ್ಕೆ ಅದರ ಶಕ್ತಿ ಎಲ್ಲೂ ಮಾಯವಾಗುವುದಿಲ್ಲ. 30ರಿಂದ 80 ಕಿಲೋಮೀಟರ್ ಎತ್ತರದಲ್ಲಿ ಅದು ನೈಟ್ರೋಜನ್ ಅಣುಗಳನ್ನು ಒಡೆಯುತ್ತದೆ. ಒಡೆದ ನೈಟ್ರೋಜನ್ ಆಮ್ಲಜನಕದ ಜೊತೆ ಸೇರಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಈ ಆಕ್ಸೈಡ್ ಓಜೋನನ್ನು ತಿನ್ನುತ್ತದೆ, ತಿಂದ ಮೇಲೂ ತಾನು ಉಳಿದು ಇನ್ನೊಂದನ್ನು ತಿನ್ನಲು ಹೋಗುತ್ತದೆ. 2000ದ ಜುಲೈ ಬಿರುಗಾಳಿಯ ನಂತರ ಧ್ರುವ ಪ್ರದೇಶದ ಮೇಲ್ಪದರಗಳಲ್ಲಿ ಓಜೋನ್ ಇಳಿದದ್ದನ್ನು ಉಪಗ್ರಹಗಳು ನೇರವಾಗಿ ಅಳೆದವು. ಹೆಚ್ಚಿನ ಓಜೋನ್ ಇರುವುದು ಇನ್ನೂ ಕೆಳಗೆ, 20–25 ಕಿಲೋಮೀಟರಿನ ಸುತ್ತ. ಹಾಗಾಗಿ ಒಟ್ಟು ಓಜೋನ್‌ಗೆ ಆದ ನಷ್ಟ ಸಣ್ಣದೇ ಆಗಿತ್ತು. ಅದೂ ಧ್ರುವಗಳ ಸುತ್ತಲಿನ ಟೋಪಿಯಷ್ಟು ಜಾಗದಲ್ಲಿ.

ನನ್ನ ಪ್ರಕಾರ ಕಾಂತಕ್ಷೇತ್ರದ ನಿಜವಾದ ಉಪಕಾರ ಇರುವುದು ಇಲ್ಲೇ. ಅದು ಪ್ರೋಟಾನ್‌ಗಳನ್ನು ಧ್ರುವಗಳ ಎರಡು ಟೋಪಿಗಳಿಗೆ ಕಟ್ಟಿಹಾಕುತ್ತದೆ. ಹೆಚ್ಚು ಜೀವಿಗಳು ವಾಸಿಸುವ, ಬಿಸಿಲು ನೆಟ್ಟಗೆ ಬೀಳುವ ಅಕ್ಷಾಂಶಗಳ ಓಜೋನ್ ಪದರಕ್ಕೆ ಅವುಗಳ ಕೈ ಸೋಕದಂತೆ ನೋಡಿಕೊಳ್ಳುತ್ತದೆ. ಅಲ್ಲಿ ಓಜೋನ್ ತೆಳುವಾದರೆ ನೆಲಕ್ಕೆ ಇಳಿಯುವ ಅತಿನೇರಳೆ ಕಿರಣ ಜಾಸ್ತಿಯಾಗುತ್ತಿತ್ತು. ಎಲೆ, ಕಣ್ಣು, ಚರ್ಮ, ಸಮುದ್ರದ ಮೇಲ್ಮೈಯ ಪಾಚಿ ಎಲ್ಲಕ್ಕೂ ಅದು ಕೆಟ್ಟದ್ದು. ಕಾಂತಕ್ಷೇತ್ರ ಇಲ್ಲದಿದ್ದರೆ ಗಾಳಿಯೇ ಹಾರಿಹೋಗಿ ಭೂಮಿ ಮಂಗಳನಂತಾಗುತ್ತಿತ್ತು ಅನ್ನುವ ಮಾತನ್ನೂ ನೀವು ಕೇಳಿರಬಹುದು. ಅದನ್ನು ಅಷ್ಟು ಸಲೀಸಾಗಿ ಒಪ್ಪಲು ನಾನು ತಯಾರಿಲ್ಲ. ಶುಕ್ರನಿಗೆ ತನ್ನದೇ ಆದ ಕಾಂತಕ್ಷೇತ್ರ ಇಲ್ಲ, ಆದರೂ ಅಲ್ಲಿನ ಗಾಳಿಯ ಒತ್ತಡ ನಮ್ಮದರ ತೊಂಬತ್ತು ಪಟ್ಟು.

ಗುರಾಣಿ ಸೊರಗಿದರೆ ಏನಾಗುತ್ತದೆ ಅನ್ನುವುದಕ್ಕೆ ಭೂಮಿಯೇ ಒಂದು ಪ್ರಯೋಗ ಮಾಡಿ ತೋರಿಸಿದೆ. ಸುಮಾರು 41,000 ವರ್ಷಗಳ ಹಿಂದೆ ಕಾಂತಕ್ಷೇತ್ರ ಈಗಿನ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು. ಇದರ ಗುರುತು ಮೊದಲು ಸಿಕ್ಕಿದ್ದು ಫ್ರಾನ್ಸಿನ ಲಾಶಾಂಪ್ ಅನ್ನುವ ಊರಿನ ಲಾವಾ ಕಲ್ಲುಗಳಲ್ಲಿ. ಅದಕ್ಕೇ ಲಾಶಾಂಪ್ ಘಟನೆ ಅಂತ ಹೆಸರು. ಗ್ರೀನ್‌ಲ್ಯಾಂಡ್‌ನ ಮಂಜಿನಲ್ಲಿ ಆ ಕಾಲದ ಪದರಗಳಲ್ಲಿ ಬೆರಿಲಿಯಂ-10 ಹೆಚ್ಚಾಗಿದೆ. ಕಾಸ್ಮಿಕ್ ಕಣಗಳು ಗಾಳಿಗೆ ಬಡಿದಾಗ ಹುಟ್ಟುವ ವಸ್ತು ಅದು. ಜರಡಿಯ ಕಣ್ಣು ದೊಡ್ಡದಾಗಿತ್ತು ಅನ್ನುವುದಕ್ಕೆ ಅದೇ ರುಜುವಾತು.

ನಮ್ಮ ಎರಡು ಲೆಕ್ಕಗಳನ್ನೂ ಆ ಕಾಲಕ್ಕೆ ಹಾಕಿ ನೋಡೋಣ. ಉಳಿದ ಕ್ಷೇತ್ರದ ಆಕಾರ ಮೊದಲಿನ ಹಾಗೇ ಇತ್ತು ಅಂದುಕೊಂಡರೆ, ಹತ್ತನೇ ಒಂದು ಭಾಗದ ಕ್ಷೇತ್ರವೂ ಸೌರಮಾರುತವನ್ನು ಸುಮಾರು 30,000 ಕಿಲೋಮೀಟರ್ ದೂರದಲ್ಲಿ ನಿಲ್ಲಿಸುತ್ತದೆ. ಹೊರಬೇಲಿ ಕುಗ್ಗಿತು, ಬೀಳಲಿಲ್ಲ. ಆದರೆ ಶಕ್ತಿಯ ಪ್ರೋಟಾನ್‌ಗಳ ಜರಡಿ ಕೆಟ್ಟಿತು. 45 ಡಿಗ್ರಿಯಲ್ಲಿ 2,900 ಎಂಇವಿ ಬೇಕಿದ್ದ ಕಡೆ 70 ಸಾಕಾಗುತ್ತದೆ. ಅಂದರೆ ಧ್ರುವದ ಟೋಪಿ ಅಗಲವಾಗಿ ನಡು ಅಕ್ಷಾಂಶದವರೆಗೂ ಬಂದಿರಬೇಕು. ಸಮಭಾಜಕದ ಮೇಲೆ ಮಾತ್ರ ಇನ್ನೂ 800 ಎಂಇವಿಯ ತಡೆ ಉಳಿಯುತ್ತದೆ. ವಾಸ್ತವದಲ್ಲಿ ಅಂಥ ಕಾಲದಲ್ಲಿ ಕ್ಷೇತ್ರದ ಆಕಾರವೂ ಚೆದುರಿ, ಒಂದಕ್ಕಿಂತ ಹೆಚ್ಚು ಧ್ರುವಗಳು ಕಾಣಿಸಿಕೊಳ್ಳಬಹುದು. ಹಾಗಾಗಿ ಇದು ಅಂದಾಜು ಅಷ್ಟೇ. ಆ ಕಾಲದಲ್ಲಿ ಮನುಷ್ಯರೂ ಇದ್ದರು. ಪ್ರಾಣಿಗಳು ಲೋಕದಾದ್ಯಂತ ಒಟ್ಟಿಗೇ ಅಳಿದುಹೋದ ಗುರುತು ಆಗಿನ ಪದರಗಳಲ್ಲಿ ಇಲ್ಲ. ಕೆಲವು ಪ್ರಾಣಿಗಳ ಅಳಿವಿಗೂ ಇದಕ್ಕೂ ನಂಟು ಹಾಕುವವರಿದ್ದಾರೆ, ಅದರ ಬಗ್ಗೆ ಜಗಳ ಇನ್ನೂ ನಡೆದಿದೆ.

ಇನ್ನು ಪೆಂಗ್ವಿನ್‌ಗಳ ವಂಶಕ್ಕೆ 6 ಕೋಟಿ ವರ್ಷದ ಪಳೆಯುಳಿಕೆಗಳಿವೆ. ಈ ಅವಧಿಯಲ್ಲಿ ಭೂಮಿಯ ಕಾಂತಧ್ರುವಗಳು ನೂರಕ್ಕೂ ಹೆಚ್ಚು ಸಲ ಅದಲುಬದಲಾಗಿವೆ. ಪ್ರತಿ ಸಲವೂ ಕ್ಷೇತ್ರ ಸಾವಿರಾರು ವರ್ಷ ಸೊರಗಿಯೇ ಇರುತ್ತದೆ. ಅಷ್ಟೂ ಸಲ ಅವುಗಳ ನೆತ್ತಿಯ ಮೇಲೆ ಆ ಹತ್ತು ಮೀಟರ್ ನೀರಿಗೆ ಸಮನಾದ ಗಾಳಿ ಇದ್ದೇ ಇತ್ತು.